ಹದಿನೆಂಟನೆಯ ಮನೆ, ಹತ್ತೊಂಬತ್ತನೆಯ ಮನೆ

ಹದಿನೆಂಟನೆ ಮನೆ ಆರ್ಗಾನಿನದು:
ಬೇಡಲು ಹೋಗದು, ನೀಡಲು ಒಲ್ಲದು.
ಹತ್ತೊಂಬತ್ತು ಪೊಟ್ಯಾಸಿಯಮಿನದು:
ಒಂದರ ಭಾರವ ತಾಳಲು ಆರದು.
ನೀರನು ಕಂಡರೆ ನೇರಳೆ ಉರಿಯಲಿ
ಕೊಟ್ಟೇ ಬಿಡುವುದು, ಕುಣಿವುದು, ಸಿಡಿವುದು.
ಗಾಳಿಯ ನಡುವೆ ಆರ್ಗಾನ್ ಮಾತ್ರ
ಯಾರನು ಸೇರದೆ ಹಾಗೇ ಇರುವುದು.

ಪ್ರೌಢಶಾಲೆಯ ಮಕ್ಕಳಿಗೆಂದು ನಾನು ಬರೆದ ಪದ್ಯ ಇದು. ಎರಡು ಮೂಲವಸ್ತುಗಳ ಸ್ವಭಾವವನ್ನು ನೆನಪಿಡಲು ಇಷ್ಟು ಸಾಕು. ಆದರೆ ಪರಮಾಣುವಿಗೆ ತೃಪ್ತಿ, ಚಡಪಡಿಕೆ ಎಂಬ ಗುಣಗಳನ್ನು ಅಂಟಿಸಿದ ಮೇಲೆ ಅವು ಎಷ್ಟರಮಟ್ಟಿಗೆ ನಿಜ ಎಂದು ನೋಡುವುದು ಬರೆದವರ ಹೊಣೆ.

ಮನೆಯ ಸಂಖ್ಯೆಗಳು ಆವರ್ತ ಕೋಷ್ಟಕದವು. ಆರ್ಗಾನ್‌ನಲ್ಲಿ 18 ಎಲೆಕ್ಟ್ರಾನುಗಳು. ಅವು ಎರಡು, ಎಂಟು, ಎಂಟು ಎಂದು ಮೂರು ಕವಚಗಳಲ್ಲಿ ಕೂತಿವೆ. ನಡುವಿನ 18 ಪ್ರೋಟಾನುಗಳು ಹೊರಗಿನ ಎಂಟನ್ನೂ ಬಿಗಿಯಾಗಿ ಹಿಡಿದಿವೆ. ಪೊಟ್ಯಾಸಿಯಂಗೆ ಇನ್ನೊಂದೇ ಎಲೆಕ್ಟ್ರಾನ್ ಹೆಚ್ಚು, ಆದರೆ ಅದು ದೂರದ ನಾಲ್ಕನೆಯ ಕವಚದಲ್ಲಿ ಒಂಟಿಯಾಗಿದೆ. ಒಳಗಿನ ಹದಿನೆಂಟು ಎಲೆಕ್ಟ್ರಾನುಗಳು ನಡುವೆ ಅಡ್ಡ ಬರುವುದರಿಂದ ಬೀಜಕೇಂದ್ರದ ಸೆಳೆತ ಅದನ್ನು ಮುಟ್ಟುವಾಗ ಬಹಳ ಸೊರಗಿರುತ್ತದೆ. ಆರ್ಗಾನ್‌ನಿಂದ ಒಂದು ಎಲೆಕ್ಟ್ರಾನ್ ಕೀಳಲು 15.76 ಎಲೆಕ್ಟ್ರಾನ್ ವೋಲ್ಟ್ ಶಕ್ತಿ ಬೇಕು, ಪೊಟ್ಯಾಸಿಯಂಗೆ 4.34 ಸಾಕು. ಪದ್ಯದ ಮೊದಲ ನಾಲ್ಕು ಸಾಲುಗಳ ಹಿಂದಿರುವುದು ಈ ಅಂತರವೇ.

ಆದರೆ 4.34 ಎಂದರೆ ಸೊನ್ನೆಯಲ್ಲ. ಸುತ್ತ ಏನೂ ಇಲ್ಲದ ಕಡೆ ಒಂಟಿಯಾಗಿ ಬಿಟ್ಟರೆ ಪೊಟ್ಯಾಸಿಯಂ ಪರಮಾಣು ತನ್ನ ಎಲೆಕ್ಟ್ರಾನನ್ನು ತಾನಾಗಿ ಬಿಸಾಡುವುದಿಲ್ಲ. ‘ತಾಳಲು ಆರದು’ ಎಂಬುದು ಇಲ್ಲಿ ಸುಳ್ಳಾಗುತ್ತದೆ. ನೀರಿದ್ದಾಗ ಲೆಕ್ಕ ಬದಲಾಗುತ್ತದೆ. ಎಲೆಕ್ಟ್ರಾನ್ ಕಳೆದುಕೊಂಡು ಧನ ವಿದ್ಯುದಂಶ ಹೊತ್ತ ಪೊಟ್ಯಾಸಿಯಂ ಅಯಾನನ್ನು ನೀರಿನ ಅಣುಗಳು ಮುತ್ತಿಕೊಳ್ಳುತ್ತವೆ. ಹಾಗೆ ಮುತ್ತುವಾಗ ಬಿಡುಗಡೆಯಾಗುವ ಶಕ್ತಿ, ಕೀಳಲು ತೆತ್ತ ಖರ್ಚಿನ ಬಹುಪಾಲನ್ನು ತುಂಬಿಕೊಡುತ್ತದೆ. ಬಿಟ್ಟುಹೋದ ಎಲೆಕ್ಟ್ರಾನನ್ನು ನೀರು ತೆಗೆದುಕೊಂಡು ಹೈಡ್ರೋಜನ್ ಅನಿಲವನ್ನು ಬಿಡುತ್ತದೆ. ಒಟ್ಟಿನಲ್ಲಿ ಮಿಕ್ಕುವ ಶಾಖಕ್ಕೆ ಆ ಹೈಡ್ರೋಜನ್ ಹೊತ್ತಿಕೊಳ್ಳುತ್ತದೆ, ಉರಿಗೆ ನೇರಳೆ ಬಣ್ಣ ಕೊಡುವುದು ಪೊಟ್ಯಾಸಿಯಂ. ಇದಕ್ಕಾಗಿಯೇ ಪ್ರಯೋಗಾಲಯದಲ್ಲಿ ಈ ಲೋಹವನ್ನು ಗಾಳಿ, ತೇವ ತಾಗದಂತೆ ಎಣ್ಣೆಯಲ್ಲಿ ಮುಳುಗಿಸಿಡುತ್ತಾರೆ. ನಿಸರ್ಗದಲ್ಲಿ ಅದು ಲೋಹವಾಗಿ ಸಿಗುವುದೇ ಇಲ್ಲ. 1807ರಲ್ಲಿ ಹಂಫ್ರಿ ಡೇವಿ ಕರಗಿದ ಕ್ಷಾರದೊಳಗೆ ವಿದ್ಯುತ್ ಹರಿಸಿ ಅದನ್ನು ಮೊದಲ ಬಾರಿಗೆ ಬೇರ್ಪಡಿಸಿದ.

ಒಮ್ಮೆ ಕೊಟ್ಟ ಮೇಲೆ ಪೊಟ್ಯಾಸಿಯಂನ ಚಡಪಡಿಕೆ ಮುಗಿಯಿತು. ಅಯಾನಿನ ಎಲೆಕ್ಟ್ರಾನ್ ವಿನ್ಯಾಸ ಆರ್ಗಾನ್‌ನದೇ ವಿನ್ಯಾಸ. ಬಾಳೆಹಣ್ಣಿನಲ್ಲಿ, ಎಳನೀರಿನಲ್ಲಿ, ನಮ್ಮ ರಕ್ತದಲ್ಲಿ ಇರುವುದು ಈ ಶಾಂತ ಪೊಟ್ಯಾಸಿಯಂ.

ಇನ್ನು ಆರ್ಗಾನ್. ‘ಯಾರನು ಸೇರದೆ’ ಎಂಬ ಮಾತನ್ನು 1962ರವರೆಗೆ ರಸಾಯನ ವಿಜ್ಞಾನಿಗಳೂ ಬಹುತೇಕ ನಂಬಿದ್ದರು. ಆ ವರ್ಷ ನೀಲ್ ಬಾರ್ಟ್ಲೆಟ್, ಅದೇ ಕುಟುಂಬದ ಕ್ಸೆನಾನ್ ಅನ್ನು ಪ್ಲಾಟಿನಂ ಹೆಕ್ಸಾಫ್ಲೋರೈಡ್ ಜೊತೆ ಬೆರೆಸಿ ಹಳದಿ ಘನವಸ್ತುವೊಂದನ್ನು ಪಡೆದರು. ಆ ಫ್ಲೋರೈಡ್ ಆಮ್ಲಜನಕದ ಅಣುವಿನಿಂದಲೇ ಎಲೆಕ್ಟ್ರಾನ್ ಕೀಳಬಲ್ಲುದೆಂದು ಅವರು ಮೊದಲೇ ಕಂಡಿದ್ದರು. ಕ್ಸೆನಾನ್‌ನಿಂದ ಕೀಳಲು ಬೇಕಾದ ಶಕ್ತಿಯೂ ಹೆಚ್ಚುಕಡಿಮೆ ಅಷ್ಟೇ ಎಂಬುದು ಅವರಿಗೆ ಹೊಳೆದ ಸುಳಿವು. ಆರ್ಗಾನ್ ಇನ್ನೂ ಹಟಮಾರಿ. 2000ದಲ್ಲಿ ಹೆಲ್ಸಿಂಕಿಯ ಸಂಶೋಧಕರು ಆರ್ಗಾನ್, ಹೈಡ್ರೋಜನ್, ಫ್ಲೋರಿನ್ ಸೇರಿದ ಅಣುವನ್ನು ಮಾಡಿ ತೋರಿಸಿದರು. ಆದರೆ ಅದು ಬದುಕಿದ್ದು ಸುಮಾರು -246 ಡಿಗ್ರಿ ಸೆಲ್ಸಿಯಸ್‌ವರೆಗಿನ ಕೊರೆತದಲ್ಲಿ ಮಾತ್ರ. ಗಾಳಿಯಲ್ಲಿರುವ ಆರ್ಗಾನ್ ಬಗ್ಗೆ ಪದ್ಯ ಹೇಳಿದ್ದು ಹಾಗಾಗಿ ಸರಿಯೇ.

ಪದ್ಯ ಹೇಳದೆ ಬಿಟ್ಟ ಸಂಬಂಧವೊಂದಿದೆ, ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು ಅದೇ. ನಾವು ಉಸಿರಾಡುವ ಗಾಳಿಯ ನೂರರಲ್ಲಿ ಸುಮಾರು ಒಂದು ಪಾಲು ಆರ್ಗಾನ್. ಅದರಲ್ಲಿ ಹೆಚ್ಚುಕಡಿಮೆ ಎಲ್ಲವೂ ಒಂದು ಕಾಲದಲ್ಲಿ ಪೊಟ್ಯಾಸಿಯಂ ಆಗಿತ್ತು! ಪೊಟ್ಯಾಸಿಯಂ-40 ಎಂಬ ವಿಕಿರಣಶೀಲ ಬಗೆಯ ಬೀಜಕೇಂದ್ರ ಒಮ್ಮೊಮ್ಮೆ ತನ್ನದೇ ಒಳಕವಚದ ಎಲೆಕ್ಟ್ರಾನನ್ನು ನುಂಗುತ್ತದೆ. ಆಗ ಒಂದು ಪ್ರೋಟಾನ್ ನ್ಯೂಟ್ರಾನ್ ಆಗಿ, ಹತ್ತೊಂಬತ್ತನೆಯ ಮನೆಯದು ಹದಿನೆಂಟಕ್ಕೆ ಬಂದು ಸೇರುತ್ತದೆ. ಇದು ಬಲು ನಿಧಾನ, ಅರ್ಧದಷ್ಟು ಪೊಟ್ಯಾಸಿಯಂ-40 ಕರಗಲು 125 ಕೋಟಿ ವರ್ಷ ಬೇಕು. ಕರಗಿದ ನೂರರಲ್ಲಿ ಆರ್ಗಾನ್ ಆಗುವುದು ಸುಮಾರು ಹನ್ನೊಂದು, ಉಳಿದದ್ದು ಕ್ಯಾಲ್ಸಿಯಂ ಆಗುತ್ತದೆ.

ಲಾವಾ ದ್ರವವಾಗಿದ್ದಾಗ ಆರ್ಗಾನ್ ತಪ್ಪಿಸಿಕೊಂಡು ಹೋಗುತ್ತದೆ. ಗಟ್ಟಿಯಾದ ಮೇಲೆ ಹುಟ್ಟಿದ್ದು, ಯಾವ ಸಂಯುಕ್ತಕ್ಕೂ ಸೇರದೆ, ಹರಳುಗಳ ನಡುವೆ ಸಿಕ್ಕಿಕೊಂಡು ಉಳಿಯುತ್ತದೆ. ಅದನ್ನೂ ಉಳಿದ ಪೊಟ್ಯಾಸಿಯಮನ್ನೂ ಅಳೆದರೆ ಬಂಡೆಯ ವಯಸ್ಸು ಸಿಗುತ್ತದೆ. ಬಂಡೆ ಮತ್ತೆ ಬಿಸಿಯಾಗಿದ್ದರೆ ಅಥವಾ ಶಿಥಿಲವಾಗಿದ್ದರೆ ಅನಿಲ ಸೋರಿ, ವಯಸ್ಸು ಇದ್ದುದಕ್ಕಿಂತ ಕಡಿಮೆ ತೋರುತ್ತದೆ. ಬೆಳಗಾವಿ, ವಿಜಯಪುರ, ಕಲಬುರಗಿಯ ಕಡೆ ಹಬ್ಬಿರುವ ದಖ್ಖನ್ ಲಾವಾದ ಕಪ್ಪು ಕಲ್ಲು ಸುಮಾರು 6.6 ಕೋಟಿ ವರ್ಷ ಹಳೆಯದೆಂದು ತಿಳಿಯಲು ಮುಖ್ಯವಾಗಿ ನೆರವಾದದ್ದು ಆರ್ಗಾನ್ ಅಳೆಯುವ ವಿಧಾನಗಳೇ.