ರಾಜೀನಾಮೆ ಕೊಟ್ಟ ಮೇಲೆ ಆಫರ್ ಕೈತಪ್ಪಿದರೆ

ಬೆಂಗಳೂರಿನಲ್ಲಿ ಕೆಲಸ ಬದಲಿಸಿದವರಿಗೆ ಈ ಪದ್ಧತಿ ಗೊತ್ತು. ಆಫರ್ ಲೆಟರ್ ಒಪ್ಪಿಕೊಂಡ ಕೆಲವೇ ದಿನಗಳಲ್ಲಿ ಹೊಸ ಕಂಪನಿಯ ಎಚ್‌ಆರ್ ಕಡೆಯಿಂದ ಇಮೇಲ್ ಬರುತ್ತದೆ. ಈಗಿನ ಕಂಪನಿ ರಾಜೀನಾಮೆಯನ್ನು ಒಪ್ಪಿಕೊಂಡಿದ್ದಕ್ಕೆ ಪುರಾವೆ ಕಳುಹಿಸಿ ಎಂಬುದು ಅದರ ಸಾರಾಂಶ. ಅಭ್ಯರ್ಥಿ ಕಳುಹಿಸುತ್ತಾನೆ. ನೋಟಿಸ್ ಪೀರಿಯಡ್ ಮುಗಿಯಲು ಇನ್ನು ಕೆಲವೇ ದಿನ ಇರುವಾಗ ಒಂದು ಫೋನ್ ಬರುತ್ತದೆ: ‘ಪ್ರಾಜೆಕ್ಟ್ ನಿಂತುಹೋಗಿದೆ, ಆಫರ್ ಮುಂದುವರಿಸಲು ಆಗುತ್ತಿಲ್ಲ.’

ಇಂಥ ಫೋನ್ ಬಂದಾಗ ಹೆಚ್ಚಿನವರು ಮೊದಲು ಹೊಸ ಕಂಪನಿಯ ಬೆನ್ನು ಹತ್ತುತ್ತಾರೆ. ಮ್ಯಾನೇಜರ್‌ಗೆ ಫೋನ್, ರೆಕ್ರೂಟರ್‌ಗೆ ಸಾಲುಸಾಲು ಮೆಸೇಜ್, ಕೊನೆಗೆ ಲಿಂಕ್ಡ್‌ಇನ್‌ನಲ್ಲಿ ಸಿಟ್ಟಿನ ಪೋಸ್ಟ್. ಸಿಟ್ಟು ನ್ಯಾಯವಾದದ್ದೇ. ಆದರೆ ಆ ಗಳಿಗೆಯಲ್ಲಿ ನಿಜವಾಗಿ ಓಡುತ್ತಿರುವ ಗಡಿಯಾರ ಇರುವುದು ಹಳೆಯ ಕಂಪನಿಯಲ್ಲಿ. ಅಲ್ಲಿನ ಕೊನೆಯ ದಿನ ಇನ್ನೂ ಬಂದಿಲ್ಲವಾದರೆ, ಆ ಕೆಲಸ ಇನ್ನೂ ಪೂರ್ತಿ ಹೋಗಿಲ್ಲ.

ಒಂದು ಉದಾಹರಣೆ ಇಟ್ಟುಕೊಂಡು ನೋಡೋಣ. ತಿಂಗಳಿಗೆ 80,000 ರೂಪಾಯಿ ಸಂಬಳದ ಎಂಜಿನಿಯರ್ ಒಬ್ಬಳಿಗೆ 1,10,000 ರೂಪಾಯಿಯ ಆಫರ್ ಬಂತು. ಮಾರ್ಚ್ 1ರಂದು ರಾಜೀನಾಮೆ ಕೊಟ್ಟಳು. ಅರವತ್ತು ದಿನದ ನೋಟಿಸ್, ಏಪ್ರಿಲ್ 29 ಕೊನೆಯ ದಿನ. ಏಪ್ರಿಲ್ 14ರಂದು ಆಫರ್ ರದ್ದಾದ ಫೋನ್ ಬಂತು.

ಅವಳು ಮೊದಲು ಮಾಡಬೇಕಾದದ್ದು ಆ ಫೋನಿನ ಮಾತನ್ನು ಬರಹಕ್ಕೆ ಇಳಿಸುವುದು. ‘ಇಂದು ಮಧ್ಯಾಹ್ನ ನೀವು ಫೋನಿನಲ್ಲಿ ಆಫರ್ ಹಿಂತೆಗೆದುಕೊಳ್ಳುತ್ತಿರುವುದಾಗಿ ತಿಳಿಸಿದಿರಿ. ಇದನ್ನೂ ಇದರ ಕಾರಣವನ್ನೂ ದಯವಿಟ್ಟು ಇಮೇಲ್‌ನಲ್ಲಿ ಖಚಿತಪಡಿಸಿ’ ಎಂಬಷ್ಟು ಸಾಕು. ಉತ್ತರ ಬಾರದಿದ್ದರೂ ದಿನಾಂಕ ಸಹಿತ ಒಂದು ದಾಖಲೆ ಉಳಿಯಿತು. ಇಲ್ಲಿ ಎರಡು ಕಡೆ ಎಚ್ಚರ ಬೇಕು. ಕೆಲವು ಕಂಪನಿಗಳು ರದ್ದು ಎನ್ನದೆ ‘ಜಾಯ್ನಿಂಗ್ ಮುಂದೆ ಹೋಗಿದೆ’ ಎನ್ನುತ್ತವೆ. ಹೊಸ ದಿನಾಂಕವನ್ನು ಬರಹದಲ್ಲಿ ಕೊಡದ ಮುಂದೂಡಿಕೆಯನ್ನು ರದ್ದೆಂದೇ ಎಣಿಸಿ ಮುಂದಿನ ಹೆಜ್ಜೆ ಇಡುವುದು ಕ್ಷೇಮ. ಇನ್ನು ಕೆಲವರು ‘ನೀವೇ ಅಭ್ಯರ್ಥಿತನ ಹಿಂತೆಗೆದುಕೊಂಡಿದ್ದೀರಿ ಎಂದು ಒಂದು ಮೇಲ್ ಹಾಕಿಬಿಡಿ, ದಾಖಲೆಗೆ ಸುಲಭ’ ಎನ್ನುತ್ತಾರೆ. ಆ ಮೇಲ್ ಕಳುಹಿಸಿದರೆ ಮುಂದೆ ಪರಿಹಾರ ಕೇಳಲು ಇರುವ ಆಧಾರವೇ ಹೋಗುತ್ತದೆ. ಕಳುಹಿಸಬಾರದು.

ಅದೇ ದಿನ, ತಪ್ಪಿದರೆ ಮರುದಿನ, ಎರಡನೆಯ ಪತ್ರ ಹಳೆಯ ಕಂಪನಿಗೆ ಹೋಗಬೇಕು. ಕೊಟ್ಟ ರಾಜೀನಾಮೆಯನ್ನು ಹಿಂತೆಗೆದುಕೊಳ್ಳಬಹುದು ಎನ್ನುವುದೇ ಎಷ್ಟೋ ಜನರಿಗೆ ತಿಳಿಯದು. 1977ರಲ್ಲಿ ಅಲಹಾಬಾದ್ ಹೈಕೋರ್ಟಿನ ನ್ಯಾಯಮೂರ್ತಿಯೊಬ್ಬರು ಆಗಸ್ಟ್ 1ರಿಂದ ಜಾರಿಗೆ ಬರುವಂತೆ ಮೇ ತಿಂಗಳಲ್ಲಿ ರಾಜೀನಾಮೆ ಬರೆದು, ಜುಲೈನಲ್ಲಿ ಅದನ್ನು ಹಿಂಪಡೆದರು. ವಿವಾದ ಸುಪ್ರೀಂ ಕೋರ್ಟಿಗೆ ಹೋಯಿತು. ಮುಂದಿನ ದಿನಾಂಕ ಹಾಕಿ ಕೊಟ್ಟ ರಾಜೀನಾಮೆಯನ್ನು, ಬೇರೆ ನಿಯಮ ಅಡ್ಡ ಬಾರದಿದ್ದರೆ, ಆ ದಿನಾಂಕ ಬರುವುದಕ್ಕೆ ಮೊದಲು ಹಿಂಪಡೆಯಬಹುದು ಎಂದು 1978ರಲ್ಲಿ ತೀರ್ಪಾಯಿತು.

ನಮಗೆ ಹತ್ತಿರದ ಪ್ರಕರಣವೂ ಇದೆ. ಕೊಂಕಣ ರೈಲ್ವೆಯಲ್ಲಿ 23 ವರ್ಷ ದುಡಿದ ನೌಕರರೊಬ್ಬರು 2013ರ ಡಿಸೆಂಬರ್‌ನಲ್ಲಿ ರಾಜೀನಾಮೆ ಕೊಟ್ಟು, 2014ರ ಮೇ ತಿಂಗಳಲ್ಲಿ ಅದನ್ನು ಹಿಂತೆಗೆದುಕೊಂಡಿದ್ದರು. ಏಪ್ರಿಲ್‌ನಲ್ಲೇ ಅದನ್ನು ಅಂಗೀಕರಿಸಿಯಾಗಿತ್ತು ಎಂದು ಸಂಸ್ಥೆ ವಾದಿಸಿತು. ಕರ್ನಾಟಕ ಹೈಕೋರ್ಟಿನ ಏಕಸದಸ್ಯ ಪೀಠ ನೌಕರರ ಪರವಾಗಿಯೂ ವಿಭಾಗೀಯ ಪೀಠ ಸಂಸ್ಥೆಯ ಪರವಾಗಿಯೂ ತೀರ್ಪು ಕೊಟ್ಟವು. 2024ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ನೌಕರರ ಕೈ ಹಿಡಿಯಿತು. ಸಂಸ್ಥೆಯ ಒಳಗೇ ಓಡಾಡಿದ ಪತ್ರ ಅಂಗೀಕಾರ ಎನಿಸುವುದಿಲ್ಲ, ನೌಕರನಿಗೆ ಅದು ತಲುಪಿರಬೇಕು ಎಂದಿತು.

ಇವೆರಡೂ ಸರ್ಕಾರಿ ವಲಯದ ಮಾತು. ಖಾಸಗಿ ಕಂಪನಿಯಲ್ಲಿ ಅಂಗೀಕಾರದ ಮೇಲ್ ಆಗಲೇ ಬಂದಿರುತ್ತದೆ, ನೇಮಕಾತಿ ಪತ್ರದ ಷರತ್ತುಗಳೂ ಅಡ್ಡ ಬರಬಹುದು. ಆದ್ದರಿಂದ ಅಲ್ಲಿಗೆ ಹೋಗುವ ಪತ್ರ ಹಕ್ಕೊತ್ತಾಯವಾಗದೆ ವಿನಂತಿಯಾಗಿರಲಿ. ಮೊದಲು ಮ್ಯಾನೇಜರ್ ಬಳಿ ನೇರವಾಗಿ ಮಾತಾಡಿ, ಅದಾದ ಮೇಲೆ ಎಚ್‌ಆರ್‌ಗೆ ಬರೆಯುವುದು ಒಳ್ಳೆಯದು. ‘ಸರ್, ಹೋಗಬೇಕಿದ್ದ ಕಡೆ ಆಫರ್ ರದ್ದಾಗಿದೆ. ನನ್ನ ಜಾಗಕ್ಕೆ ಇನ್ನೂ ಯಾರನ್ನೂ ತೆಗೆದುಕೊಂಡಿಲ್ಲವಾದರೆ ಇಲ್ಲೇ ಮುಂದುವರಿಯಲು ಇಷ್ಟಪಡುತ್ತೇನೆ’ ಎಂದು ಇದ್ದದ್ದನ್ನು ಇದ್ದ ಹಾಗೆ ಹೇಳಿದರೆ ಸಾಕು. ಮನಸ್ಸು ಬದಲಾಯಿತು ಎಂದು ಕಥೆ ಕಟ್ಟುವ ಅಗತ್ಯವಿಲ್ಲ. ನಿಜ ಹೊರಬಿದ್ದಾಗ ಮುಖ ಉಳಿಯುವುದಿಲ್ಲ. ಒಪ್ಪಿದರೆ, ರಾಜೀನಾಮೆ ರದ್ದಾಗಿದೆ, ಸೇವೆ ನಡುವೆ ಕಡಿಯದೆ ಮುಂದುವರಿದಿದೆ ಎಂದು ಬರಹದಲ್ಲಿ ಪಡೆಯಬೇಕು. ಗ್ರ್ಯಾಚುಟಿಗೆ ಸಾಮಾನ್ಯವಾಗಿ ಐದು ವರ್ಷದ ಸತತ ಸೇವೆ ಬೇಕು. ನಾಲ್ಕು ವರ್ಷ ದಾಟಿದವಳನ್ನು ‘ಹೊಸದಾಗಿ’ ಸೇರಿಸಿಕೊಂಡರೆ ಆ ಲೆಕ್ಕ ಮತ್ತೆ ಒಂದರಿಂದ ಶುರುವಾಗುತ್ತದೆ.

ಹಳೆಯ ಕಂಪನಿ ಒಲ್ಲೆ ಎಂದರೆ? ಆಗ ಹೊಸ ಕಂಪನಿಗೆ ಮೂರನೆಯ ಪತ್ರ, ಪರಿಹಾರ ಕೇಳಿ.

ಕೆಲಸ ಕೊಡಲೇಬೇಕು ಎಂದು ಖಾಸಗಿ ಕಂಪನಿಯನ್ನು ನ್ಯಾಯಾಲಯ ಸಾಮಾನ್ಯವಾಗಿ ಬಲವಂತ ಮಾಡುವುದಿಲ್ಲ. ಆದರೆ ಒಪ್ಪಿಕೊಂಡ ಆಫರ್ ಒಂದು ಕರಾರು. ಕರಾರು ಮುರಿದರೆ ಆದ ನಷ್ಟಕ್ಕೆ ಪರಿಹಾರ ಉಂಟು ಎನ್ನುತ್ತದೆ 1872ರ ಭಾರತೀಯ ಕರಾರು ಕಾಯ್ದೆಯ 73ನೇ ಸೆಕ್ಷನ್. ಇಂಥ ನಷ್ಟವಾದೀತೆಂದು ಕರಾರಿನ ಹೊತ್ತಿಗೆ ಎದುರಿನವರಿಗೆ ಗೊತ್ತಿತ್ತೇ ಎಂಬುದನ್ನೂ ಅದು ನೋಡುತ್ತದೆ. ರಾಜೀನಾಮೆ ಅಂಗೀಕಾರದ ಪ್ರತಿಯನ್ನು ತಾನೇ ಕೇಳಿ ಪಡೆದ ಕಂಪನಿ, ಅಭ್ಯರ್ಥಿ ಕೆಲಸ ಬಿಡುತ್ತಿರುವುದು ಗೊತ್ತಿರಲಿಲ್ಲ ಎನ್ನುವುದು ಕಷ್ಟ. ಆ ಮೇಲ್ ಅನ್ನು ಆಫರ್ ಲೆಟರ್ ಜೊತೆ ಜೋಪಾನವಾಗಿಡಬೇಕು, ಅದೂ ಸ್ವಂತ ಇಮೇಲ್‌ನಲ್ಲಿ. ಕಚೇರಿಯ ಇಮೇಲ್ ಕೊನೆಯ ದಿನವೇ ಬಂದ್ ಆಗುತ್ತದೆ.

ನಷ್ಟ ತಗ್ಗಿಸಿಕೊಳ್ಳಲು ಏನು ಮಾಡಿದಿರಿ ಎಂಬ ಪ್ರಶ್ನೆಯೂ ಅದೇ ಸೆಕ್ಷನ್‌ನಲ್ಲಿದೆ. ಹಳೆಯ ಕಂಪನಿಗೆ ಬರೆದ ವಿನಂತಿ, ಅವರ ನಿರಾಕರಣೆ, ಆಮೇಲೆ ಹಾಕಿದ ಅರ್ಜಿಗಳು, ಇವೇ ಅದಕ್ಕೆ ಉತ್ತರ.

ಎಷ್ಟು ಕೇಳಬೇಕು? ಒಂದು ವರ್ಷದ ಸಂಬಳ ಕೇಳಿದರೆ ಮಾತು ಅಲ್ಲಿಗೇ ಮುಗಿಯುತ್ತದೆ. ಆಫರ್ ಲೆಟರ್‌ನಲ್ಲಿ ಕಂಪನಿಯೇ ಬರೆದ ನೋಟಿಸ್ ಷರತ್ತು ಒಳ್ಳೆಯ ಅಳತೆಗೋಲು. ಎಂಜಿನಿಯರ್‌ಳ ಪತ್ರದಲ್ಲಿ ಪ್ರೊಬೇಷನ್ ಅವಧಿಯ ನೋಟಿಸ್ 30 ದಿನ ಎಂದಿದ್ದರೆ ಅವಳು 1,10,000 ರೂಪಾಯಿಯನ್ನೂ, ಬೇಗ ಸೇರಲೆಂದು ಹಳೆಯ ಕಂಪನಿಗೆ ನೋಟಿಸ್ ಹಣ ಕಟ್ಟಿದ್ದರೆ ಅದನ್ನೂ ಕೇಳಬಹುದು. ಕೆಲಸಕ್ಕೆ ಸೇರಿಸಿಕೊಂಡು ಮರುದಿನವೇ ತೆಗೆದಿದ್ದರೂ ಕಂಪನಿ ಅಷ್ಟನ್ನು ಕೊಡಬೇಕಿತ್ತು. ಆಫರ್ ಲೆಟರ್‌ನಲ್ಲಿ ‘ಹಿನ್ನೆಲೆ ಪರಿಶೀಲನೆಗೆ ಒಳಪಟ್ಟು’ ಎಂದಿದ್ದು, ಅದರಲ್ಲಿ ಲೋಪ ಸಿಕ್ಕಿ ರದ್ದಾಗಿದ್ದರೆ ಮಾತ್ರ ವಾದ ಬಹಳ ದುರ್ಬಲವಾಗುತ್ತದೆ.

ಕೇಳಿದರೆ ಯಾರು ಕೊಡುತ್ತಾರೆ ಎಂದು ಕೈಚೆಲ್ಲಬೇಕಿಲ್ಲ. 2022ರ ಜೂನ್‌ನಲ್ಲಿ ಅಮೆರಿಕದ ಕಾಯಿನ್‌ಬೇಸ್ ಕಂಪನಿ, ಅಭ್ಯರ್ಥಿಗಳು ಒಪ್ಪಿಕೊಂಡಿದ್ದ ಆಫರ್‌ಗಳನ್ನೇ ರದ್ದು ಮಾಡಿತು. ಆಫರ್‌ಗಳನ್ನು ಮುಟ್ಟುವುದಿಲ್ಲ ಎಂದು ಅದಕ್ಕೆ ಕೆಲವೇ ವಾರ ಮೊದಲು ಹೇಳಿದ್ದ ಕಂಪನಿಯದು. ದೊಡ್ಡ ಆಕ್ಷೇಪ ಎದ್ದಿತು. ಆದರೂ ಕೆಲಸದಿಂದ ತೆಗೆದವರಿಗೆ ಕೊಡುವ ಪರಿಹಾರದ ತತ್ವವನ್ನೇ ಅವರಿಗೂ ಅನ್ವಯಿಸುವುದಾಗಿ ಅದು ಪ್ರಕಟಿಸಿತು, ಬೇರೆ ಕೆಲಸ ಹುಡುಕಲು ನೆರವಾಗುವುದಾಗಿಯೂ ಹೇಳಿತು. ಎಚ್-1ಬಿ ವೀಸಾದಲ್ಲಿ ಅಮೆರಿಕದಲ್ಲಿರುವ ಕನ್ನಡಿಗರಿಗೆ ಇಂಥ ಹೊಡೆತ ಇನ್ನೂ ಬಿರುಸು. ಹಳೆಯ ಕೆಲಸ ನಿಂತ ದಿನದಿಂದ ಅವರಿಗಿರುವುದು ಹೆಚ್ಚೆಂದರೆ 60 ದಿನದ ಅವಕಾಶ.

ಮುಂದಿನ ಸಂದರ್ಶನದಲ್ಲಿ ಈ ವಿಷಯ ಬಂದೇ ಬರುತ್ತದೆ. ‘ಆಫರ್ ಒಪ್ಪಿ ರಾಜೀನಾಮೆ ಕೊಟ್ಟಿದ್ದೆ, ಆ ಹುದ್ದೆಯನ್ನೇ ಕಂಪನಿ ರದ್ದು ಮಾಡಿತು, ಆ ಮೇಲ್ ನನ್ನ ಬಳಿ ಇದೆ’ ಎಂದು ಹೇಳಿ, ಕೆಲಸದ ಮಾತಿಗೆ ತಿರುಗಿದರಾಯಿತು. ಈ ಆಫರ್‌ಗಾಗಿ ಬೇಡವೆಂದಿದ್ದ ಇನ್ನೊಂದು ಕಂಪನಿ ಇದ್ದರೆ ಮೊದಲ ಫೋನ್ ಅಲ್ಲಿಗೇ ಹೋಗಲಿ.

ಕಂಪನಿಗಳಲ್ಲೂ ಒಂದು ವಿನಂತಿ. ಹುದ್ದೆ ಅನುಮಾನದಲ್ಲಿದೆ ಎಂದು ತಿಳಿದ ದಿನವೇ ಅಭ್ಯರ್ಥಿಗೆ ಬರಹದಲ್ಲಿ ತಿಳಿಸಿ. ಅವರ ನೋಟಿಸ್ ಪೀರಿಯಡ್ ಮುಗಿಯುವವರೆಗೆ ಕಾಯಬೇಡಿ. ನೀವು ತಡಮಾಡಿದ ಒಂದೊಂದು ದಿನವೂ ಅವರು ಹಳೆಯ ಕೆಲಸಕ್ಕೆ ಮರಳಲು ಉಳಿದಿದ್ದ ದಿನ.