ಒಂದೇ ಮುಹೂರ್ತ, ಎರಡು ಮದುವೆ

ಆಷಾಢದಲ್ಲಿ ಮದುವೆ ಮಾಡುವವರು ಕಡಿಮೆ, ಧನುರ್ಮಾಸದಲ್ಲಿ ಇನ್ನೂ ಕಡಿಮೆ. ಗುರು, ಶುಕ್ರರ ಅಸ್ತವಿದ್ದರೂ ಹಿರಿಯರು ಒಪ್ಪುವುದಿಲ್ಲ. ಇವನ್ನೆಲ್ಲ ಕಳೆದರೆ ಉಳಿಯುವ ಒಳ್ಳೆಯ ದಿನಗಳು ಕೆಲವೇ. ಛತ್ರಗಳು ತುಂಬುವುದು ಆ ದಿನಗಳಲ್ಲೇ, ಫೋಟೋದವರಿಗೆ ಎರಡು ಮೂರು ಮನೆಗಳಿಂದ ಕರೆ ಬರುವುದೂ ಆ ದಿನಗಳಿಗೇ.

ಮೈಸೂರಿನ ಛಾಯಾಗ್ರಾಹಕರೊಬ್ಬರು ಅಕ್ಷಯ ತದಿಗೆಯ ಮದುವೆಯೊಂದಕ್ಕೆ ಅಡ್ವಾನ್ಸ್ ಪಡೆದಿದ್ದಾರೆ ಎನ್ನೋಣ. ಅದೇ ದಿನದ ಮದುವೆಗೆಂದು ಮಂಡ್ಯದಿಂದ ಹುಡುಗಿಯ ಅಣ್ಣ ಫೋನ್ ಮಾಡುತ್ತಾರೆ. ಎರಡನ್ನೂ ಒಪ್ಪಿಕೊಂಡು ಒಂದಕ್ಕೆ ಸಹಾಯಕರನ್ನು ಕಳಿಸಿಬಿಡುವವರೂ ಈ ಕಸುಬಿನಲ್ಲಿದ್ದಾರೆ. ಮೊದಲೇ ಹೇಳದೆ ಹಾಗೆ ಮಾಡಿದರೆ ಅದು ಮೋಸವೇ. ಯಾರ ಕೆಲಸ ನೋಡಿ ಹಣ ಕೊಟ್ಟರೋ ಅವರು ಮಂಟಪದಲ್ಲಿ ಇರುವುದಿಲ್ಲ.

"ಆ ದಿನ ಬೇರೆ ಮದುವೆ ಒಪ್ಪಿಕೊಂಡಿದ್ದೀನಿ ಸರ್, ಬರೋಕಾಗಲ್ಲ. ಸಂಜೆಯೊಳಗೆ ಒಬ್ಬರ ಹೆಸರು ಹೇಳ್ತೀನಿ," ಎಂದರೆ ಸಾಕು. ಸಂಜೆವರೆಗಿನ ಸಮಯ ಬೇಕೇಬೇಕು. ಗೆಳೆಯರೂ ಅದೇ ಮುಹೂರ್ತಕ್ಕೆ ಬುಕ್ ಆಗಿರಬಹುದು. ಅವರನ್ನು ಕೇಳದೆ ನಂಬರ್ ಕೊಟ್ಟರೆ ಆ ಮನೆಯವರು ಇನ್ನೊಮ್ಮೆ "ಇಲ್ಲ" ಕೇಳಬೇಕಾಗುತ್ತದೆ.

ಯಾರ ಹೆಸರು ಹೇಳಬೇಕು ಎಂಬುದೇ ನಿಜವಾದ ಕೆಲಸ. ಧಾರೆಯ ಹೊತ್ತನ್ನೇ ನೋಡಿ. ಅಂತರಪಟ ಸರಿಯುತ್ತದೆ, ಹುಡುಗ ಹುಡುಗಿ ಜೀರಿಗೆ ಬೆಲ್ಲ ಹಾಕುತ್ತಾರೆ, ಅಕ್ಷತೆ ಸುರಿಯುತ್ತದೆ, ನೆಂಟರೆಲ್ಲ ಎದ್ದು ಮುಂದೆ ನುಗ್ಗುತ್ತಾರೆ. ಕೆಲವೇ ಕ್ಷಣ, "ಇನ್ನೊಮ್ಮೆ ಮಾಡಿ" ಎನ್ನುವಂತಿಲ್ಲ. ಪುರೋಹಿತರ ಜೊತೆ ಮೊದಲೇ ಮಾತಾಡಿ, ಜಾಗ ಹಿಡಿದು ನಿಂತವರಿಗೆ ಮಾತ್ರ ಆ ಮುಖಗಳು ಸಿಗುತ್ತವೆ. ತೋಟದಲ್ಲಿ ಜೋಡಿಯನ್ನು ನಿಲ್ಲಿಸಿ ಸೊಗಸಾಗಿ ತೆಗೆಯುವವರೆಲ್ಲ ಛತ್ರದ ಮಬ್ಬು ಬೆಳಕಿನಲ್ಲಿ ಇದನ್ನು ಹಿಡಿಯಲಾರರು. ಹಾಗಾಗಿ ಜೊತೆಯಲ್ಲಿ ನಿಂತು ಮದುವೆ ತೆಗೆದ ಗೆಳೆಯರ ಹೆಸರನ್ನೇ ಹೇಳುವುದು ಸರಿ. ಅವರು ಒಂದೇ ಚಿತ್ರವನ್ನು ಎರಡು ಕಾರ್ಡುಗಳಲ್ಲಿ ಉಳಿಸುತ್ತಾರೆಯೇ, ಆಲ್ಬಮ್ಮನ್ನು ಹೇಳಿದ ಹೊತ್ತಿಗೆ ಕೊಡುತ್ತಾರೆಯೇ ಎಂಬುದು ಕೆಲಸ ಹಂಚಿಕೊಂಡವರಿಗೇ ಗೊತ್ತು.

ಸಂಜೆ ಫೋನ್ ಮಾಡಿದಾಗ ಗೆಳೆಯರ ಪರವಾಗಿ ದರ ಹೇಳಬಾರದು. ಅದು ಅವರೇ ಮಾತಾಡಿಕೊಳ್ಳಬೇಕಾದದ್ದು. ಕೆಲಸ ಕೊಡಿಸಿದ್ದಕ್ಕೆ ಕಮಿಷನ್ ಪಡೆಯುವುದಿದ್ದರೆ ಅದನ್ನು ಮಾತ್ರ ಮುಚ್ಚಿಡಬಾರದು. ಕಮಿಷನ್ ಇದೆ ಎಂದು ಗೊತ್ತಿದ್ದರೆ ಕೇಳುವವರು ಆ ಶಿಫಾರಸನ್ನು ತಕ್ಕಷ್ಟೇ ನಂಬುತ್ತಾರೆ.

ಮನೆಯವರೂ ಶಿಫಾರಸನ್ನೇ ನೆಚ್ಚಿ ಅಡ್ವಾನ್ಸ್ ಕೊಡಬೇಕಿಲ್ಲ. ಆಯ್ದ ಇಪ್ಪತ್ತು ಚಿತ್ರಗಳ ಬದಲು ಒಂದೇ ಮದುವೆಯ ಪೂರ್ತಿ ಆಲ್ಬಮ್ ತೋರಿಸಲು ಕೇಳಬೇಕು. ಧಾರೆಯ ಪುಟಗಳು ಮಸುಕಾಗಿದ್ದರೆ ಅಲ್ಲೇ ತಿಳಿಯುತ್ತದೆ. "ಕ್ಯಾಮೆರಾ ಹಿಡಿದು ನೀವೇ ಬರ್ತೀರಾ?" ಎಂದು ಕೇಳಿ, ಬರುವವರ ಹೆಸರನ್ನು ಅಡ್ವಾನ್ಸ್ ರಸೀದಿಯಲ್ಲೇ ಬರೆಸಿಕೊಳ್ಳುವುದು ಒಳ್ಳೆಯದು.