ಹಳೆಯ ‘ಗುಟ್ಟಿನ ಪ್ರಶ್ನೆ’ಗೆ ಕೊಟ್ಟ ಉತ್ತರ ಈಗ ತಾಳೆಯಾಗದಿದ್ದರೆ



ಹದಿನೈದು, ಹದಿನಾರು ವರ್ಷಗಳ ಹಿಂದೆ ನಮ್ಮ ಅನೇಕ ಸಂಘಗಳಿಗೆ ಒಂದೊಂದು ಜಿಮೇಲ್ ವಿಳಾಸ ಮಾಡಿಸಿದ್ದು ನಿಮಗೆ ನೆನಪಿರಬಹುದು. ಪೇಟೆಯ ಸೈಬರ್ ಸೆಂಟರಿಗೆ ಹೋಗಿ, ಅಲ್ಲಿಯ ಹುಡುಗನ ಪಕ್ಕದಲ್ಲಿ ಕೂತು ಮಾಡಿಸಿದ್ದು. ಆಗ ಕಂಪ್ಯೂಟರ್ ಒಂದು ಪ್ರಶ್ನೆ ಕೇಳುತ್ತಿತ್ತು: ನಿಮ್ಮ ಮೊದಲ ಟೀಚರ್ ಯಾರು, ನಿಮ್ಮ ಮೊದಲ ಫೋನ್ ನಂಬರ್ ಯಾವುದು, ಹೀಗೆ. ಮುಂದೆ ಪಾಸ್‌ವರ್ಡ್ ಮರೆತರೆ ಈ ಉತ್ತರ ಹೇಳಿ ಒಳಗೆ ಬರಬಹುದು ಅಂತ ಅದರ ಲೆಕ್ಕ. ಗೂಗಲ್ ಈಗ ಹೊಸ ಖಾತೆಗೆ ಇಂಥ ಪ್ರಶ್ನೆ ಬರೆಸಿಕೊಳ್ಳುವುದಿಲ್ಲ. ಆದರೆ ಹಳೆಯ ಖಾತೆಯ ಬಾಗಿಲಲ್ಲಿ ಅದು ಈಗಲೂ ಎದುರಾಗಬಹುದು.

ಒಂದು ಸಂಘದ ಉದಾಹರಣೆ ತೆಗೆದುಕೊಳ್ಳೋಣ. ಖಾತೆ ಮಾಡಿದ್ದು 2009ರಲ್ಲಿ. ಸಾಲದ ಪಟ್ಟಿ, ತರಬೇತಿಯ ಫೋಟೋ, ಉದ್ಯಮ ನೋಂದಣಿಯ ಕಾಗದ ಎಲ್ಲವೂ ಅದರಲ್ಲೇ ಇವೆ. ಮಾಡಿಸಿದ ಕಾರ್ಯದರ್ಶಿ ಮದುವೆಯಾಗಿ ಬೇರೆ ಊರಿಗೆ ಹೋಗಿದ್ದಾರೆ. ಇಷ್ಟು ದಿನ ಸಂಘದ ಫೋನಿನಲ್ಲಿ ಖಾತೆ ತೆರೆದೇ ಇತ್ತು, ಮೊನ್ನೆ ಯಾರೋ ಅಪ್ಪಿತಪ್ಪಿ ಲಾಗ್ ಔಟ್ ಮಾಡಿದರು. ಪಾಸ್‌ವರ್ಡ್ ಯಾರಿಗೂ ಗೊತ್ತಿಲ್ಲ. ಆಗಿನ ಮೊಬೈಲ್ ನಂಬರ್ ನಿಂತು ಹೋಗಿದೆ. ಕಾರ್ಯದರ್ಶಿಗೆ ಫೋನ್ ಮಾಡಿದರೆ ‘ಲಕ್ಷ್ಮಿ ಟೀಚರ್ ಅಂತ ಕೊಟ್ಟಿದ್ದೆ ಕಣ್ರೀ, ಚೆನ್ನಾಗಿ ನೆನಪಿದೆ’ ಅಂತಾರೆ. ಹಾಗೆಯೇ ಹಾಕಿದರೆ ಕಂಪ್ಯೂಟರ್ ತಪ್ಪು ಅನ್ನುತ್ತದೆ.

ಇಲ್ಲಿ ಮರೆತದ್ದು ಉತ್ತರವಲ್ಲ, ಅದರ ಇಂಗ್ಲಿಷ್ ಅಕ್ಷರ. ನಮ್ಮ ಹೆಸರುಗಳನ್ನು ಇಂಗ್ಲಿಷಿನಲ್ಲಿ ಬರೆಯಲು ಒಂದೇ ದಾರಿ ಇಲ್ಲ. Lakshmi, Laxmi, Lakshmy ಮೂರೂ ನಮ್ಮ ಕಿವಿಗೆ ಒಂದೇ, ಕಂಪ್ಯೂಟರಿಗೆ ಮಾತ್ರ ಮೂರು ಬೇರೆ ಬೇರೆ ಮಾತು. ಅದರ ಹಿಂದೆ teacher ಅಂತ ಸೇರಿಸಿದ್ದರೆ ನಾಲ್ಕನೆಯದು. ಅದು ಅರ್ಥ ನೋಡುವುದಿಲ್ಲ, ಅಕ್ಷರ ಅಕ್ಷರ ತಾಳೆ ಹಾಕುತ್ತದೆ. ‘ಕಚೇರಿಯವರು ಉತ್ತರ ನೋಡಿ ಹೇಳಬಾರದೇ’ ಎಂದು ಕೆಲವರು ಕೇಳುತ್ತಾರೆ. ಇಂಥ ಉತ್ತರವನ್ನು ಕಂಪನಿಯವರು ಯಾರಿಗೂ ಓದಿ ಹೇಳುವುದಿಲ್ಲ. ಹೇಳುವ ಹಾಗಿದ್ದರೆ ಗುಟ್ಟು ಎಲ್ಲಿ ಉಳಿಯಿತು!

ಆದ್ದರಿಂದ ಮೊದಲು ಕೇಳಬೇಕಾದ ಮಾತು ‘ಉತ್ತರ ಏನು’ ಎಂದಲ್ಲ, ‘ಆ ದಿನ ಟೈಪ್ ಮಾಡಿದವರು ಯಾರು’ ಎಂದು. ಕಾರ್ಯದರ್ಶಿಯೇ ಮಾಡಿದ್ದರೆ ಅವರ ಕೈಬರಹ ಇರುವ ಹಳೆಯ ಕಾಗದ ತೆಗೆಯಿರಿ. ತನ್ನ ಶಾಲೆಯ ದಾಖಲೆಯಲ್ಲಿ, ಬ್ಯಾಂಕಿನ ಅರ್ಜಿಯಲ್ಲಿ ಲಕ್ಷ್ಮಿ ಎಂಬ ಹೆಸರನ್ನು x ಹಾಕಿ ಬರೆಯುವ ರೂಢಿ ಇದ್ದವರು ಇಲ್ಲಿಯೂ x ಹಾಕಿರುತ್ತಾರೆ. ಸೈಬರ್ ಸೆಂಟರಿನ ಹುಡುಗ ಟೈಪ್ ಮಾಡಿದ್ದರೆ ಅವನು ಚಿಕ್ಕದಾಗಿ ಮುಗಿಸಿರುತ್ತಾನೆ, ಟೀಚರ್ ಎಂಬ ಮಾತನ್ನು ಬಿಟ್ಟೇ ಬಿಟ್ಟಿರಬಹುದು. ಗೂಗಲ್ ಕೂಡ ತನ್ನ ಸಹಾಯ ಪುಟದಲ್ಲಿ, ಉತ್ತರ ಗೊತ್ತಿದ್ದೂ ಸರಿಹೋಗದಿದ್ದರೆ ಅದನ್ನೇ ಬೇರೆ ರೀತಿ ಬರೆದು ನೋಡಿ ಎಂದು ಹೇಳುತ್ತದೆ.

ಊರಿನ ಹೆಸರು ಉತ್ತರವಾಗಿದ್ದರೆ ಇನ್ನೊಂದು ತೊಡಕಿದೆ. 2014ರ ನವೆಂಬರ್ 1ರಂದು ನಮ್ಮ ರಾಜ್ಯದ ಹಲವು ಪಟ್ಟಣಗಳ ಹೆಸರನ್ನು ಇಂಗ್ಲಿಷಿನಲ್ಲಿಯೂ ಕನ್ನಡದಂತೆ ಬದಲಾಯಿಸಿದರು. ಈಗ ನಾವು Mangaluru, Shivamogga ಎಂದು ಬರೆದು ರೂಢಿಯಾಗಿದೆ. ಆದರೆ 2009ರಲ್ಲಿ ಮಾಡಿದ ಖಾತೆಯಲ್ಲಿ Mangalore, Shimoga ಅಂತಲೇ ಇರುತ್ತದೆ. ಖಾತೆಯ ವಯಸ್ಸು ನೋಡಿ ಹೆಸರು ಹಾಕಿ.

ಇನ್ನು ಕೂರುವ ಕ್ರಮ. ಬೇರೆ ಅಂಗಡಿಗೆ, ಬೇರೆ ಊರಿಗೆ ಹೋಗಿ ಪ್ರಯತ್ನಿಸಬೇಡಿ. ಇದು ಬಹಳ ಮುಖ್ಯ. ಗೂಗಲ್ ಉತ್ತರವನ್ನು ಮಾತ್ರ ನೋಡುವುದಿಲ್ಲ, ಈ ಖಾತೆ ಮೊದಲು ಯಾವ ಫೋನಿನಲ್ಲಿ, ಯಾವ ಜಾಗದಲ್ಲಿ ತೆರೆಯುತ್ತಿತ್ತು ಎಂಬುದನ್ನೂ ಗಮನಿಸುತ್ತದೆ. ನಮ್ಮ ಉದಾಹರಣೆಯಲ್ಲಿ ಸಂಘದ ಆ ಹಳೆಯ ಫೋನೇ ದೊಡ್ಡ ಸಾಕ್ಷಿ. ಅದರಲ್ಲೇ, ಯಾವಾಗಲೂ ಕೂರುವ ಜಾಗದಲ್ಲೇ ಕೂತು g.co/recover ಎಂದು ಟೈಪ್ ಮಾಡಿ ಸಂಘದ ವಿಳಾಸ ಹಾಕಿ. ಕೊನೆಯದಾಗಿ ನೆನಪಿರುವ ಪಾಸ್‌ವರ್ಡ್ ಕೇಳಿದರೆ ಹಳೆಯದಾದರೂ ಪರವಾಗಿಲ್ಲ, ನೆನಪಿದ್ದುದನ್ನು ಕೊಡಿ. ಒಂದು ದಾರಿ ಸಾಗದಿದ್ದರೆ ಕೆಳಗೆ Try another way ಎಂದಿರುತ್ತದೆ, ಅದನ್ನು ಒತ್ತಿ. ಗೊತ್ತಿಲ್ಲ ಅಂತ ಬಿಟ್ಟುಬಿಡುವುದಕ್ಕಿಂತ ಅಂದಾಜಿನ ಉತ್ತರ ಕೊಡುವುದು ವಾಸಿ ಎಂಬುದು ಗೂಗಲಿನದೇ ಸಲಹೆ. ಈಗ ನೋಡಲು ಸಾಧ್ಯವಿರುವ ಬೇರೊಂದು ಇಮೇಲ್ ಕೇಳಿದರೆ ಅಧ್ಯಕ್ಷೆಯದ್ದನ್ನು ಕೊಡಿ, ಉತ್ತರ ಅಲ್ಲಿಗೆ ಬರುತ್ತದೆ. ಅದು ಸ್ಪ್ಯಾಮ್ ಎಂಬ ಕಡೆ ಹೋಗಿ ಬಿದ್ದಿರಬಹುದು, ಅಲ್ಲಿಯೂ ಹುಡುಕಿ.

ಒಂದೇ ಸಮನೆ ಹತ್ತಾರು ಸಲ ಹಾಕಿ ನೋಡಿದರೆ ಅದು ಕಳ್ಳರ ಕೆಲಸದಂತೆ ಕಾಣಿಸಿ ಬಾಗಿಲು ಮುಚ್ಚಿಕೊಳ್ಳುತ್ತದೆ. ತುಂಬ ಸಲ ತಪ್ಪಾಯಿತು ಎಂಬ ಮಾತು ಬಂದರೆ ಅಂದಿಗೆ ನಿಲ್ಲಿಸಿ. ಯಾವ ಸ್ಪೆಲಿಂಗ್ ಹಾಕಿ ಆಯಿತು ಎಂದು ಒಂದು ಚೀಟಿಯಲ್ಲಿ ಬರೆದಿಡಿ, ಇಲ್ಲದಿದ್ದರೆ ನಾಳೆ ಮತ್ತೆ ಅದನ್ನೇ ಹಾಕುತ್ತೀರಿ. ಖಾತೆ ನಿಮ್ಮದೆಂದು ಖಚಿತಪಡಿಸಲಾಗಲಿಲ್ಲ ಎಂಬ ಮಾತು ಬಂದರೆ ಉತ್ತರ ತಪ್ಪು ಎಂದೇ ತಿಳಿಯಬೇಕಾಗಿಲ್ಲ. ಉತ್ತರ ಸರಿಯಿದ್ದು, ಉಳಿದ ಸಾಕ್ಷಿ ಸಾಲದೆ ಇರಬಹುದು. ಆಗ ಸ್ಪೆಲಿಂಗ್ ಬದಲಿಸುತ್ತಾ ಕೂರುವುದಕ್ಕಿಂತ ಹಿಂದೆ ಆ ಖಾತೆ ತೆರೆದಿದ್ದ ಬೇರೆ ಫೋನ್, ಕಂಪ್ಯೂಟರ್ ಇದೆಯೇ ಎಂದು ಹುಡುಕಿ.

ಆದರೆ ಇದಕ್ಕೂ ಒಂದು ಮಿತಿ ಇದೆ. ಎರಡು ವರ್ಷ ಯಾರೂ ಬಳಸದ ವೈಯಕ್ತಿಕ ಖಾತೆಗಳನ್ನು ಅಳಿಸುವ ನಿಯಮವನ್ನು ಗೂಗಲ್ 2023ರ ಡಿಸೆಂಬರಿನಿಂದ ಜಾರಿಗೆ ತಂದಿದೆ. ಖಾತೆ ಹಾಗೆ ಅಳಿದು ಹೋಗಿದ್ದರೆ ಯಾವ ಉತ್ತರವೂ ಉಪಯೋಗಕ್ಕೆ ಬರುವುದಿಲ್ಲ. ಹಳೆಯ ನಂಬರಿನದೂ ಇಂಥದೇ ಕತೆ. ನಿಂತ ಮೊಬೈಲ್ ನಂಬರನ್ನು ಕಂಪನಿಗಳು 90 ದಿನ ಕಳೆದ ಮೇಲೆ ಬೇರೆಯವರಿಗೆ ಕೊಡಬಹುದು. ಆಮೇಲೆ ನಿಮ್ಮ ಸಂಘದ ಕೋಡ್ ಹೋಗಿ ಮುಟ್ಟುವುದು ಅಪರಿಚಿತರ ಕೈಗೆ.

ಕಷ್ಟದಲ್ಲಿದ್ದಾಗ ‘ಗೂಗಲ್ ಕಸ್ಟಮರ್ ಕೇರ್’ ಅಂತ ಇಂಟರ್ನೆಟ್ಟಿನಲ್ಲಿ ನಂಬರ್ ಹುಡುಕಬೇಡಿ. ಪಾಸ್‌ವರ್ಡ್ ಬಿಡಿಸಿಕೊಡುವ ಯಾವ ಹೊರಗಿನ ಸೇವೆಯ ಜೊತೆಗೂ ತನಗೆ ಸಂಬಂಧ ಇಲ್ಲ ಎಂದು ಗೂಗಲೇ ಹೇಳಿದೆ. ಹಣ ಕೊಡಿ, ಓಟಿಪಿ ಹೇಳಿ ಅಂದವರು ಮೋಸಗಾರರು. ಹಣ ಹೋಗಿಯೇ ಬಿಟ್ಟಿದ್ದರೆ ತಡಮಾಡದೆ 1930ಕ್ಕೆ ಫೋನ್ ಮಾಡಿ.

ಖಾತೆ ತೆರೆಯಿತು ಅನ್ನಿ. ಆ ಗಳಿಗೆಯಲ್ಲೇ ಹಳೆಯ ನಂಬರ್ ತೆಗೆದು ಈಗಿನ ಅಧ್ಯಕ್ಷೆಯ ನಂಬರ್, ಕಾರ್ಯದರ್ಶಿಯ ಇಮೇಲ್ ಹಾಕಿ. ಎರಡು ಹಂತದ ಪರಿಶೀಲನೆ ಎಂಬುದನ್ನು ಶುರುಮಾಡಿದರೆ Backup codes ಎಂಬ ಹತ್ತು ಕೋಡುಗಳು ಸಿಗುತ್ತವೆ. ಒಂದೊಂದರಲ್ಲಿ ಎಂಟು ಅಂಕಿ, ಒಂದೊಂದು ಒಂದೇ ಸಲಕ್ಕೆ. ಪಾಸ್‌ವರ್ಡಿನ ಜೊತೆಗೆ ಫೋನಿನ ಕೋಡ್ ಬೇಕಾದಾಗ, ಫೋನ್ ಇಲ್ಲದಿದ್ದರೆ ಇದನ್ನು ಹಾಕಬಹುದು. ಅದನ್ನು ಪ್ರಿಂಟ್ ತೆಗೆಸಿ, ಪಾಸ್‌ವರ್ಡನ್ನು ಬೇರೆ ಚೀಟಿಯಲ್ಲಿ ಬರೆದು, ಎರಡನ್ನೂ ಬೇರೆ ಬೇರೆ ಲಕೋಟೆಗೆ ಹಾಕಿ ಅಂಟಿಸಿ. ಒಂದು ಸಂಘದ ಹಣದ ಪೆಟ್ಟಿಗೆಯಲ್ಲಿರಲಿ, ಇನ್ನೊಂದು ಅಧ್ಯಕ್ಷೆಯ ಮನೆಯಲ್ಲಿ. ಪದಾಧಿಕಾರಿಗಳು ಬದಲಾದ ದಿನ ಬ್ಯಾಂಕಿನ ಸಹಿ ಬದಲಿಸಲು ಹೇಗೂ ನಡಾವಳಿ ಬರೆಯುತ್ತೀರಿ. ಅದೇ ಪುಟದಲ್ಲಿ ಖಾತೆಯ ನಂಬರ್ ಬದಲಿಸಿದ್ದು ಹೌದೋ ಅಲ್ಲವೋ ಎಂದು ಒಂದು ಸಾಲು ಸೇರಿಸಿ.